ಕ್ಲೇ ಅನಿಮೇಷನ್: ಆರ್ಮೇಚರ್, ಫ್ರೇಮ್ ದರ ಮತ್ತು ಬೆಳಕಿನ ಯೋಜನೆ

ಕ್ಲೇ ಅನಿಮೇಷನ್ ಎಂಬುದು ಸ್ಟಾಪ್ ಮೋಷನ್ ಚಿತ್ರನಿರ್ಮಾಣದ ಒಂದು ಶಾಖೆ. ಎಣ್ಣೆ ಬೆರೆಸಿದ, ಒಣಗದ ಜೇಡಿಯಿಂದ ಬೊಂಬೆ ಮಾಡಿ, ಅದನ್ನು ಕೂದಲೆಳೆಯಷ್ಟು ಕದಲಿಸಿ ಒಂದು ಫೋಟೊ ತೆಗೆದು, ಮತ್ತೆ ಕದಲಿಸಿ ಇನ್ನೊಂದು ತೆಗೆಯುತ್ತಾರೆ. ಹೀಗೆ ಸೇರಿದ ಚಿತ್ರಗಳನ್ನು ಸಾಲಾಗಿ ಓಡಿಸಿದಾಗ ಬೊಂಬೆ ತಾನೇ ನಡೆದಾಡುವಂತೆ ಕಾಣುತ್ತದೆ. ಇಂಗ್ಲೆಂಡಿನ ಬಾತ್ ನಗರದ ವಿಲಿಯಂ ಹಾರ್ಬಟ್ 1897ರಲ್ಲಿ ರೂಪಿಸಿದ ಪ್ಲಾಸ್ಟಿಸಿನ್ ಈ ಕಲೆಗೆ ಒದಗಿದ ಮೊದಲ ಮುಖ್ಯ ಸಾಮಗ್ರಿ. ಅಮೆರಿಕದಲ್ಲಿ ಆರ್ಟ್ ಕ್ಲೋಕಿ 1950ರ ದಶಕದಲ್ಲಿ ಗಂಬಿ ಎಂಬ ಹಸಿರು ಬೊಂಬೆಯನ್ನು ಟೆಲಿವಿಷನ್ನಿಗೆ ತಂದರು. ವಿಲ್ ವಿಂಟನ್ ಮತ್ತು ಬಾಬ್ ಗಾರ್ಡಿನರ್ 1974ರಲ್ಲಿ ಮಾಡಿದ 'ಕ್ಲೋಸ್ಡ್ ಮಂಡೇಸ್' ಆಸ್ಕರ್ ಪಡೆಯಿತು. ಬ್ರಿಸ್ಟಲ್ ನಗರದ ಆರ್ಡ್‌ಮನ್ ಸ್ಟುಡಿಯೊ ವಾಲೆಸ್ ಮತ್ತು ಗ್ರೊಮಿಟ್ ಜೋಡಿಯ ಮೂಲಕ ಈ ಕಲೆಯನ್ನು ಮನೆಮನೆಗೆ ಮುಟ್ಟಿಸಿತು. ಭಾರತದಲ್ಲಿ ಸುರೇಶ್ ಎರಿಯಾಟ್ ನಿರ್ದೇಶಿಸಿದ 'ಟೋಕ್ರಿ' ಈ ಮಾದರಿಯ ಗಮನಾರ್ಹ ಕಿರುಚಿತ್ರ.

ಈ ಕೆಲಸದಲ್ಲಿ ಕ್ಯಾಮೆರಾ ಒತ್ತುವ ಮೊದಲು ಮೂರು ವಿಷಯ ತೀರ್ಮಾನವಾಗಬೇಕು: ಒಂದು ಸೆಕೆಂಡಿಗೆ ಎಷ್ಟು ಭಂಗಿ, ಬೊಂಬೆಯ ಒಳಗೆ ಎಂಥ ಎಲುಬುಗೂಡು, ದಿನದಿಂದ ದಿನಕ್ಕೆ ಬೆಳಕು ಬದಲಾಗದಂತೆ ಏನು ವ್ಯವಸ್ಥೆ. ಬೋಧನೆಯ ಪುಸ್ತಕಗಳು ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುವುದುಂಟು. ವಾಸ್ತವದಲ್ಲಿ ಇವು ಒಂದೇ ಲೆಕ್ಕದ ಮೂರು ಸಾಲುಗಳು. ಫ್ರೇಮ್ ದರದಿಂದ ಭಂಗಿಗಳ ಸಂಖ್ಯೆ ಗೊತ್ತಾಗುತ್ತದೆ, ಭಂಗಿಗಳ ಸಂಖ್ಯೆಯಿಂದ ಚಿತ್ರೀಕರಣದ ದಿನಗಳು. ಅಷ್ಟು ದಿನ, ಅಷ್ಟು ಬಾಗುವಿಕೆಯನ್ನು ಎಲುಬುಗೂಡು ತಾಳಬೇಕು. ಅಷ್ಟೂ ದಿನ ಬೆಳಕು ಒಂದೇ ಆಗಿರಬೇಕು. ಈ ಲೇಖನದಲ್ಲಿ ಒಂದೇ ದೃಶ್ಯವನ್ನು ಹಿಡಿದು ಈ ಲೆಕ್ಕವನ್ನು ಕೊನೆಯವರೆಗೂ ನಡೆಸಲಾಗಿದೆ: ಅಜ್ಜಿಯೊಬ್ಬಳು ಬಾಗಿಲಿನಿಂದ ಆರು ಹೆಜ್ಜೆ ನಡೆದು ಬಂದು, ನಿಂತು ನೋಡಿ, ಬಗ್ಗಿ, ನೆಲದ ಮೇಲಿನ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುತ್ತಾಳೆ. ಬೊಂಬೆಯ ಎತ್ತರ 22 ಸೆಂಟಿಮೀಟರ್, ದೃಶ್ಯದ ಅವಧಿ 12 ಸೆಕೆಂಡು.

ಫ್ರೇಮ್ ದರ

ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳಲ್ಲಿ ಓಡುತ್ತದೆ. ಭಾರತ ಮತ್ತು ಯುರೋಪಿನ ಟೆಲಿವಿಷನ್ ಪದ್ಧತಿಯಲ್ಲಿ 25. ಆದರೆ ಕ್ಲೇ ಚಿತ್ರದಲ್ಲಿ ಪ್ರತಿ ಫ್ರೇಮಿಗೂ ಹೊಸ ಭಂಗಿ ಕೊಡುವುದು ಅಪರೂಪ. ಒಂದು ಭಂಗಿಯನ್ನು ಎರಡು ಫ್ರೇಮುಗಳ ಕಾಲ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಭಂಗಿ. ಕೆಲಸಗಾರರ ಮಾತಿನಲ್ಲಿ ಇದು 'ಟೂಸ್', ಪ್ರತಿ ಫ್ರೇಮಿಗೊಂದು ಭಂಗಿಯಾದರೆ 'ಒನ್ಸ್'. ಟೂಸ್‌ನಿಂದ ಕೆಲಸ ಅರ್ಧಕ್ಕಿಳಿಯುತ್ತದೆ ಎಂಬುದು ಎಲ್ಲರೂ ಹೇಳುವ ಕಾರಣ. ಕ್ಲೇ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ, ಅದೇ ಮುಖ್ಯವೆಂದು ಹೇಳಬೇಕು. ಪ್ರತಿ ಸಲ ಮುಟ್ಟಿದಾಗಲೂ ಜೇಡಿಯ ಮೇಲೆ ಬೆರಳಿನ ಗುರುತು ಬೀಳುತ್ತದೆ, ಮೇಲ್ಮೈ ಸ್ವಲ್ಪ ಬದಲಾಗುತ್ತದೆ. ಚಿತ್ರ ಓಡಿದಾಗ ಆ ಗುರುತುಗಳು ಚರ್ಮದ ಮೇಲೆ ಕುದಿಯುವಂತೆ ಕಾಣುತ್ತವೆ. ಸೆಕೆಂಡಿಗೆ 24 ಸಲ ಬದಲಾದರೆ ಈ ಕುದಿತ ಕಣ್ಣಿಗೆ ಹಿಂಸೆ. 12 ಸಲವಾದರೆ ಅದು ಕೈಕೆಲಸದ ಜೀವಂತಿಕೆಯಾಗಿ ಕಾಣುತ್ತದೆ.

ಟೂಸ್ ಎಲ್ಲ ಕಡೆಯೂ ನಡೆಯದು. ಕ್ಯಾಮೆರಾ ತಾನೇ ಚಲಿಸುವ ಶಾಟ್‌ನಲ್ಲಿ ಕ್ಯಾಮೆರಾ ಪ್ರತಿ ಫ್ರೇಮಿಗೂ ಸರಿಯುತ್ತಿದ್ದು, ಬೊಂಬೆ ಮಾತ್ರ ಎರಡು ಫ್ರೇಮಿಗೊಮ್ಮೆ ಕದಲಿದರೆ, ಬೊಂಬೆ ಹಿನ್ನೆಲೆಯ ಮೇಲೆ ಮಿಡುಕುತ್ತ ಜಾರುವಂತೆ ಕಾಣುತ್ತದೆ. ಅಂಥ ಕಡೆ ಎರಡನ್ನೂ ಒನ್ಸ್‌ಗೆ ತರಬೇಕು. ಬೀಳುವ ವಸ್ತು, ಬೀಸುವ ಕೈ, ಓಟ ಇಂಥ ವೇಗದ ಚಲನೆಗೂ ಒನ್ಸ್ ಬೇಕಾಗುತ್ತದೆ, ಏಕೆಂದರೆ ಎರಡು ಭಂಗಿಗಳ ನಡುವಿನ ಅಂತರ ತೀರ ದೊಡ್ಡದಾದರೆ ಕಣ್ಣು ಅವನ್ನು ಹೊಸೆಯಲಾರದು. ಒಂದೇ ಶಾಟ್‌ನಲ್ಲಿ ಎರಡನ್ನೂ ಬೆರೆಸಬಹುದು, ಎಲ್ಲಿ ಯಾವುದು ಎಂದು ಮೊದಲೇ ಬರೆದಿಟ್ಟುಕೊಂಡಿದ್ದರೆ. ಬರೆದಿಡುವ ಹಾಳೆಗೆ ಡೋಪ್ ಶೀಟ್ ಎನ್ನುತ್ತಾರೆ: ಎಡಕ್ಕೆ ಫ್ರೇಮ್ ಸಂಖ್ಯೆ, ಮುಂದೆ ಬೊಂಬೆಯ ಕ್ರಿಯೆ, ಮಾತಿದ್ದರೆ ಬಾಯಿಯ ಆಕಾರ, ಕಣ್ಣಿನ ರೆಪ್ಪೆ.

ಅಜ್ಜಿಯ ದೃಶ್ಯವನ್ನು ಈಗ ಆ ಹಾಳೆಗೆ ಇಳಿಸಬಹುದು. ಸಾಧಾರಣ ನಡಿಗೆಯ ಒಂದು ಹೆಜ್ಜೆಗೆ 12 ಫ್ರೇಮು ಹಿಡಿಯುತ್ತದೆ. ಅಜ್ಜಿಯ ನಡಿಗೆ ನಿಧಾನ, 16 ಫ್ರೇಮು ಕೊಡಬೇಕು, ಅಂದರೆ ಹೆಜ್ಜೆಗೆ 8 ಭಂಗಿ. ಆರು ಹೆಜ್ಜೆಗೆ 48 ಭಂಗಿ, ನಾಲ್ಕು ಸೆಕೆಂಡು. ನಿಂತು ಕೊಡ ನೋಡುವುದಕ್ಕೆ ಒಂದೂವರೆ ಸೆಕೆಂಡು, 18 ಭಂಗಿ. ಬಗ್ಗುವುದಕ್ಕೆ ಎರಡು ಸೆಕೆಂಡು, 24 ಭಂಗಿ. ಕೊಡದ ಕಂಠ ಹಿಡಿದು ಹವಣಿಸುವುದಕ್ಕೆ ಒಂದು ಸೆಕೆಂಡು, 12 ಭಂಗಿ. ಎತ್ತಿ ಸೊಂಟಕ್ಕೆ ತರುವುದಕ್ಕೆ ಎರಡೂವರೆ ಸೆಕೆಂಡು, 30 ಭಂಗಿ. ಕೊನೆಗೆ ಉಸಿರು ಬಿಟ್ಟು ನಿಲ್ಲುವುದಕ್ಕೆ ಒಂದು ಸೆಕೆಂಡು, 12 ಭಂಗಿ. ಒಟ್ಟು 144.

ಇಲ್ಲಿ ಕೊಡದ ಭಾರವನ್ನು ನೋಡುವವರಿಗೆ ತಿಳಿಸುವುದು ಭಂಗಿಗಳ ನಡುವಿನ ಅಂತರವೇ. ಹವಣಿಸುವ 12 ಭಂಗಿಗಳಲ್ಲಿ ಕೊಡ ಅಲುಗಬಾರದು. ಭುಜ ಮಾತ್ರ ಅರ್ಧ ಮಿಲಿಮೀಟರಿನಂತೆ ಬಿಗಿಯಾಗುತ್ತ ಹೋಗಬೇಕು. ಎತ್ತುವ ಮೊದಲ ಭಂಗಿಗಳಲ್ಲಿ ಕೊಡ ಒಂದೊಂದು ಮಿಲಿಮೀಟರ್ ಏರಿ, ನಡುವೆ ನಾಲ್ಕೈದು ಮಿಲಿಮೀಟರಿಗೆ ಹಿಗ್ಗಿ, ಸೊಂಟದ ಹತ್ತಿರ ಮತ್ತೆ ಒಂದಕ್ಕೆ ಇಳಿಯುತ್ತದೆ. ಎಲ್ಲ ಭಂಗಿಗಳಿಗೂ ಸಮಾನ ಅಂತರ ಕೊಟ್ಟರೆ ಕೊಡ ಕಾಗದದ್ದೆಂದು ಕಾಣುತ್ತದೆ. ನಿಂತ ಬೊಂಬೆಯನ್ನು ಪೂರ್ತಿ ಮುಟ್ಟದೆ ಬಿಡುವುದೂ ತಪ್ಪು; ಆ 18 ಭಂಗಿಗಳಲ್ಲಿ ರೆಪ್ಪೆ ಒಮ್ಮೆಯಾದರೂ ಬಡಿಯಬೇಕು. ಅರ್ಧ ಮುಚ್ಚಿದ್ದು, ಪೂರ್ತಿ ಮುಚ್ಚಿದ್ದು, ಮತ್ತೆ ಅರ್ಧ ತೆರೆದದ್ದು, ಮೂರು ಭಂಗಿ ಸಾಕು.

ಒಂದು ಭಂಗಿಗೆ ಸರಾಸರಿ ಆರು ನಿಮಿಷ, ದಿನಕ್ಕೆ ನಿಜವಾಗಿ ಕೈಗೆ ಸಿಗುವ ಆರು ಗಂಟೆ ಎಂದು ಇಟ್ಟುಕೊಂಡರೆ ದಿನಕ್ಕೆ 60 ಭಂಗಿ. 144 ಭಂಗಿಗೆ ಎರಡು ದಿನ ಸಾಲದು, ಮೂರನೆಯ ದಿನಕ್ಕೆ ಹೋಗುತ್ತದೆ. ಹಾಗಾದರೆ ಈ ಶಾಟ್ ಎರಡು ರಾತ್ರಿಗಳನ್ನು ದಾಟಬೇಕು. ಆ ಎರಡು ರಾತ್ರಿ ಎಲ್ಲಿ ಬೀಳುತ್ತವೆ ಎಂಬುದೇ ಮುಂದಿನ ಪ್ರಶ್ನೆ.

ಮೊದಲ ದಿನ 60ನೆಯ ಭಂಗಿಗೆ ನಿಂತರೆ ಅಜ್ಜಿ ಎರಡೂ ಕಾಲೂರಿ ನೆಟ್ಟಗೆ ನಿಂತಿರುತ್ತಾಳೆ, ಒಳ್ಳೆಯ ಜಾಗ. ಎರಡನೆಯ ದಿನವೂ 60 ಮುಗಿಸುವ ಆಸೆಯಿಂದ 120ಕ್ಕೆ ಹೋದರೆ ಕೊಡ ಗಾಳಿಯಲ್ಲಿ ಅರ್ಧಕ್ಕೆ ಏರಿರುತ್ತದೆ. ರಾತ್ರಿಯಿಡೀ ಆ ಭಾರ ಹೊತ್ತ ತಂತಿಯ ತೋಳು ಬೆಳಿಗ್ಗೆ ಒಂದೆರಡು ಮಿಲಿಮೀಟರ್ ಇಳಿದಿರುತ್ತದೆ, ಪರದೆಯ ಮೇಲೆ ಅದು ಜಿಗಿತವಾಗಿ ಕಾಣುತ್ತದೆ. ಆದ್ದರಿಂದ ಎರಡನೆಯ ದಿನ 102ಕ್ಕೆ ನಿಲ್ಲಬೇಕು. ಆಗ ಕೈ ಕೊಡದ ಮೇಲೆ ಊರಿರುತ್ತದೆ, ಕೊಡ ನೆಲದ ಮೇಲಿರುತ್ತದೆ, ಬಗ್ಗಿದ ಬೆನ್ನಿಗೂ ಆಸರೆ ಸಿಗುತ್ತದೆ. ಉಳಿದ 42 ಭಂಗಿ ಮೂರನೆಯ ದಿನಕ್ಕೆ. ಇದಕ್ಕಿಂತ ಉತ್ತಮ ದಾರಿ ಸ್ಟೋರಿಬೋರ್ಡಿನಲ್ಲೇ ಇದೆ: ಕೈ ಕೊಡ ಹಿಡಿಯುವಲ್ಲಿ ಒಂದು ಕ್ಲೋಸಪ್ ಹಾಕಿ ದೃಶ್ಯವನ್ನು ಕತ್ತರಿಸಿ, ಎತ್ತುವ ಕ್ರಿಯೆಯನ್ನು ಬೇರೆ ಕೋನದಿಂದ ತೆಗೆಯುವುದು. ಕೋನ ಬದಲಾದಾಗ ಅಲ್ಪ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ರಾತ್ರಿಯನ್ನು ಕಟ್ ಇರುವ ಕಡೆಗೆ ತಂದು ಕೂರಿಸುವುದು ಅನುಭವಿ ನಿರ್ದೇಶಕರ ಗುರುತು.

ಆರ್ಮೇಚರ್

ಬೊಂಬೆಯೊಳಗಿನ ಎಲುಬುಗೂಡಿಗೆ ಆರ್ಮೇಚರ್ ಎಂದು ಹೆಸರು. ಎಲ್ಲ ಕ್ಲೇ ಬೊಂಬೆಗೂ ಅದು ಬೇಕೆಂದಿಲ್ಲ. ಆರ್ಡ್‌ಮನ್ನಿನ ಮಾರ್ಫ್, 1977ರಲ್ಲಿ ಬಿಬಿಸಿಯಲ್ಲಿ ಕಾಣಿಸಿಕೊಂಡ ಪುಟ್ಟ ಕಂದು ಬೊಂಬೆ, ಬರಿಯ ಜೇಡಿಯದ್ದು. ಉಂಡೆಯಾಗುವುದು, ಕರಗುವುದು ಅದರ ಆಟವಾದ್ದರಿಂದ ಎಲುಬು ಅಡ್ಡಿಯೇ ಆಗುತ್ತಿತ್ತು. ಗಂಬಿಯ ಕಾಲು ಕೆಳಗೆ ಅಗಲವಾಗಿರುವುದು ಬೊಂಬೆ ಬೀಳದಿರಲಿ ಎಂದು. ಇನ್ನೊಂದು ತುದಿಯಲ್ಲಿ 'ಕಿಂಗ್ ಕಾಂಗ್' (1933) ಬೊಂಬೆಯಂಥ ಉಕ್ಕಿನ ಆರ್ಮೇಚರ್ ಇದೆ. ಎರಡು ತಗಡುಗಳ ನಡುವೆ ಉಕ್ಕಿನ ಗುಂಡು ಕೂತು, ತಿರುಪಿನಿಂದ ಬಿಗಿ ಹೆಚ್ಚು ಕಡಿಮೆ ಮಾಡಬಹುದಾದ ಕೀಲುಗಳು ಅದರಲ್ಲಿರುತ್ತವೆ. ಇಟ್ಟ ಕಡೆ ನಿಲ್ಲುತ್ತದೆ, ಹಿಂದಕ್ಕೆ ಪುಟಿಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಆದರೆ ದುಬಾರಿ, ಮಾಡಲು ಲೇತ್ ಕೆಲಸ ಬೇಕು. ಹನ್ನೆರಡು ಸೆಕೆಂಡಿನ ಅಜ್ಜಿಗೆ ತಂತಿಯೇ ಸರಿ.

ಯಾವ ತಂತಿ ಎಂಬುದರಲ್ಲೇ ಅರ್ಧ ಸೋಲು ಗೆಲುವಿದೆ. ಗಡುಸಾದ ಉಕ್ಕಿನ ತಂತಿ ಬಾಗಿಸಿದ ಮೇಲೆ ಹಿಂದಕ್ಕೆ ಪುಟಿಯುತ್ತದೆ. ತಾಮ್ರ ಮೊದಲು ಮೆತ್ತಗಿದ್ದು, ಬಾಗಿಸಿದಷ್ಟೂ ಗಡುಸಾಗಿ ಪಟ್ಟನೆ ಮುರಿಯುತ್ತದೆ. ಮೆತ್ತನೆಯ ಅಲ್ಯೂಮಿನಿಯಂ ತಂತಿಯಲ್ಲಿ ಪುಟಿತ ಕಡಿಮೆ, ಆಯಸ್ಸು ಹೆಚ್ಚು. ಒಂದು ದಪ್ಪ ತಂತಿಗಿಂತ ಎರಡು ಸಣ್ಣ ತಂತಿಗಳನ್ನು ಡ್ರಿಲ್ ಮಷಿನ್ನಿನಲ್ಲಿ ಹೊಸೆದದ್ದು ಹೆಚ್ಚು ಬಾಳುತ್ತದೆ. ಒಂದು ಎಳೆ ಮುರಿದರೂ ಇನ್ನೊಂದು ದಿನದ ಕೆಲಸ ಮುಗಿಸಿಕೊಡುತ್ತದೆ. ನಮ್ಮ ಅಜ್ಜಿಯ ಬೆನ್ನು ಮತ್ತು ಕಾಲಿಗೆ 2 ಮಿಲಿಮೀಟರಿನ ಎರಡೆಳೆ, ತೋಳಿಗೆ 1.5 ಮಿಲಿಮೀಟರಿನ ಎರಡೆಳೆ ಸಾಕು.

ಬರಿ ತಂತಿ ಎಲ್ಲಿ ಬೇಕಾದರೂ ಬಾಗುತ್ತದೆ, ಮನುಷ್ಯನ ಮೂಳೆ ಹಾಗೆ ಬಾಗುವುದಿಲ್ಲ. ಆದ್ದರಿಂದ ತೊಡೆ, ಮೊಣಕಾಲ ಕೆಳಗಿನ ಭಾಗ, ತೋಳು, ಮುಂಗೈ, ಸೊಂಟ, ಭುಜದ ಪಟ್ಟಿ ಇಷ್ಟೂ ಕಡೆ ತಂತಿಯ ಸುತ್ತ ಎಂ-ಸೀಲ್ ಮೆತ್ತಿ ಗಟ್ಟಿ ಮಾಡುತ್ತಾರೆ. ಮೊಣಕಾಲು, ಮೊಣಕೈಗಳಲ್ಲಿ ಮಾತ್ರ ಸುಮಾರು ಒಂದು ಸೆಂಟಿಮೀಟರ್ ತಂತಿ ಬಯಲಾಗಿರುತ್ತದೆ. ಈ ಬಯಲು ಜಾಗ ಎರಡು ಮೂರು ಮಿಲಿಮೀಟರಿಗೆ ಇಳಿದರೆ ಇಡೀ ಬಾಗುವಿಕೆ ಒಂದೇ ಬಿಂದುವಿನ ಮೇಲೆ ಬಿದ್ದು ತಂತಿ ಬೇಗ ಮುರಿಯುತ್ತದೆ. ಮೊದಲು ಹೋಗುವುದು ಮಣಿಕಟ್ಟು. ಅದಕ್ಕಾಗಿ ಒಂದರೊಳಗೊಂದು ಕೂರುವ ಚೌಕಾಕಾರದ ಹಿತ್ತಾಳೆ ಕೊಳವೆಯ ತುಂಡುಗಳನ್ನು ತೋಳಿನ ತುದಿಗೂ ಹಸ್ತದ ಬುಡಕ್ಕೂ ಹಾಕಿ, ಹಸ್ತವನ್ನು ಕಳಚಿ ಬೇರೆ ಹಾಕುವಂತೆ ಮಾಡಿಕೊಳ್ಳಬೇಕು. ಕೊಳವೆ ದುಂಡಗಿದ್ದರೆ ಹಸ್ತ ತಿರುಗುತ್ತದೆ, ಚೌಕವಾಗಿದ್ದರೆ ಹಾಕಿದ ಹಾಗೆ ನಿಲ್ಲುತ್ತದೆ. ಮುರಿಯುವ ಮುನ್ನ ತಂತಿ ಸೂಚನೆ ಕೊಡುತ್ತದೆ: ಇದ್ದಕ್ಕಿದ್ದಂತೆ ಕೀಲು ಸಡಿಲವೆನಿಸುತ್ತದೆ, ಮಾನಿಟರಿನಲ್ಲಿ ಹಿಂದಿನ ಫ್ರೇಮು ಈಗಿನ ಫ್ರೇಮು ಅದಲುಬದಲು ಮಾಡಿ ನೋಡಿದರೆ ಮುಟ್ಟದ ಕೈಯೂ ತುಸು ಇಳಿದಿರುತ್ತದೆ. ಆಗಲೇ ಹಸ್ತ ಬದಲಿಸಬೇಕು.

ಪಾದವಂತೂ ಪ್ರತ್ಯೇಕ ವಿಷಯ. ನಡೆಯುವಾಗ ಬೊಂಬೆ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ, ಹಾಗಾಗಿ ಅದನ್ನು ನೆಲಕ್ಕೆ ಬಿಗಿಯಲೇಬೇಕು. ಪಾದದೊಳಗೆ ಎಂ-ಸೀಲ್‌ನಲ್ಲಿ 3 ಮಿಲಿಮೀಟರಿನ ನಟ್ ಹೂತಿಟ್ಟು, ಪ್ಲೈವುಡ್ ನೆಲದಲ್ಲಿ ತೂತು ಕೊರೆದು, ಕೆಳಗಿನಿಂದ ಬೋಲ್ಟ್ ತಿರುಗಿಸುತ್ತಾರೆ. ಆರು ಹೆಜ್ಜೆ ಎಲ್ಲೆಲ್ಲಿ ಬೀಳುತ್ತವೆ ಎಂದು ಮೊದಲೇ ಗುರುತು ಹಾಕಿದ್ದರೆ ಮಾತ್ರ ಇದು ಸಾಧ್ಯ. ಡೋಪ್ ಶೀಟು ಹೀಗೆ ಬಡಗಿ ಕೆಲಸವನ್ನೂ ನಿರ್ಧರಿಸುತ್ತದೆ. ಬಳಸಿದ ತೂತಿಗೆ ನೆಲದ ಬಣ್ಣದ ಜೇಡಿ ತುಂಬಿದರಾಯಿತು.

ಎಲುಬಿನ ಮೇಲೆ ಬರುವ ಜೇಡಿಯ ತೂಕ ತಂತಿಯ ಶತ್ರು. 'ಚಿಕನ್ ರನ್' (2000) ಚಿತ್ರದ ಕೋಳಿಗಳಿಗೆ ತೆಳುವಾದ ಕಾಲು, ದಪ್ಪ ಹೊಟ್ಟೆ. ಪೂರ್ತಿ ಜೇಡಿಯಲ್ಲಿ ಮಾಡಿದ್ದರೆ ನಿಲ್ಲುತ್ತಿರಲಿಲ್ಲವಾಗಿ ಮೈಯನ್ನು ಸಿಲಿಕೋನಿನಲ್ಲಿ ಎರೆದು, ಮುಖಕ್ಕೆ ಮಾತ್ರ ಜೇಡಿ ಬಳಸಿದರು. ಎರಡೂ ಕೂಡುವ ಜಾಗವನ್ನು ಕೊರಳಿನ ಸರ, ಸ್ಕಾರ್ಫುಗಳು ಮುಚ್ಚಿದವು. ಅಜ್ಜಿಯ ತಲೆಯನ್ನು ಥರ್ಮೊಕೋಲ್ ಗುಂಡಿನ ಮೇಲೆ ಮೂರು ನಾಲ್ಕು ಮಿಲಿಮೀಟರ್ ಜೇಡಿ ಹಚ್ಚಿ ಮಾಡಬೇಕು, ಎದೆಯ ಭಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಬೇಕು. ಕೊಡವೂ ಥರ್ಮೊಕೋಲ್‌ನದೇ. ಭಾರವೆಂದು ಕಾಣಬೇಕಾದದ್ದು ನಿಜಕ್ಕೂ ಹಗುರವಾಗಿರಬೇಕು. ಹಾಗಿದ್ದೂ ಎತ್ತುವಾಗ ಕೊಡಕ್ಕೆ ಹಿಂದಿನಿಂದ ಒಂದು ಆಸರೆ ಕಂಬಿ ಹಾಕುವುದು ಒಳಿತು, ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಬಹುದು. ಅಳಿಸಲು ಬೊಂಬೆಯಿಲ್ಲದ ಖಾಲಿ ಸೆಟ್ಟಿನ ಫೋಟೊ ಬೇಕು, ಅದಕ್ಕೆ ಕ್ಲೀನ್ ಪ್ಲೇಟ್ ಎನ್ನುತ್ತಾರೆ. ಬೊಂಬೆ ಸೆಟ್ಟಿನ ಮೇಲಿರುವಾಗ ಅದನ್ನು ತೆಗೆಯಲಾಗದ ಕಾರಣ ಶಾಟ್ ಶುರುವಾಗುವ ಮೊದಲೂ ಮುಗಿದ ಮೇಲೂ ತೆಗೆಯಬೇಕು. ಕಂಬಿ ಇರುವುದು ಮೂರನೆಯ ದಿನದ ಫ್ರೇಮುಗಳಲ್ಲಿ. ಮೊದಲ ದಿನದ ಪ್ಲೇಟಿನಿಂದ ಅವನ್ನು ತಿದ್ದಿದರೆ, ಬೆಳಕು ತುಸು ಬದಲಾಗಿದ್ದರೂ ಕಂಬಿ ಇದ್ದ ಕಡೆ ತೇಪೆ ಹಾಕಿದಂತೆ ಕಾಣುತ್ತದೆ.

ಇನ್ನೊಂದು ಎಚ್ಚರ, ಹೊಸಬರು ಯೋಚಿಸದೇ ಇರುವಂಥದ್ದು. ಬಾಗಿದಲ್ಲಿ ಜೇಡಿ ಬಿರಿಯುತ್ತದೆ, ಬಿರುಕಿಗೆ ಹೊಸ ಜೇಡಿ ತುಂಬುತ್ತಾರೆ, ಮೊಣಕೈ ದಿನೇ ದಿನೇ ದಪ್ಪವಾಗುತ್ತದೆ. ಮೂರನೆಯ ದಿನದ ಅಜ್ಜಿ ಮೊದಲ ದಿನದವಳಿಗಿಂತ ದುಂಡಗಾಗಿರುತ್ತಾಳೆ. ಆದ್ದರಿಂದ ಬೊಂಬೆಯನ್ನು ಮುಗಿಸಿದ ಕೂಡಲೇ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಟ್ಟು, ಶಾಟ್‌ಗಳ ನಡುವೆ ಬೊಂಬೆ ಬಿಚ್ಚಿದಾಗಲೆಲ್ಲ ಮತ್ತೆ ತೂಗಬೇಕು. ಸೀರೆಯ ಬಣ್ಣವನ್ನು ಇಡೀ ಚಿತ್ರಕ್ಕಾಗುವಷ್ಟು ಒಂದೇ ಸಲ ಮಿದ್ದು ಇಟ್ಟುಕೊಳ್ಳಬೇಕು. ಎರಡನೆಯ ಸಲ ಬೆರೆಸಿದ ಬಣ್ಣ ಕೈಗೆ ಒಂದೇ ಎನಿಸಿದರೂ ಕ್ಯಾಮೆರಾಕ್ಕೆ ಬೇರೆ.

ಬೆಳಕು

ಒಂದು ದಿನದಿಂದ ಇನ್ನೊಂದು ದಿನಕ್ಕೆ ಬೆಳಕು ಬದಲಾದರೆ 60ನೆಯ ಮತ್ತು 61ನೆಯ ಭಂಗಿಯ ನಡುವೆ ಕೋಣೆ ತಟ್ಟನೆ ಮಂಕಾಗುತ್ತದೆ ಅಥವಾ ಕೆಂಪಾಗುತ್ತದೆ. ಭಂಗಿಯಿಂದ ಭಂಗಿಗೆ ಬದಲಾದರೆ ಇಡೀ ಚಿತ್ರ ಮಿಣುಕುತ್ತದೆ. ಎರಡೂ ರೋಗಗಳಿಗೆ ಮೂಲ ಬೇರೆ ಬೇರೆ ಇರಬಹುದು, ಅದನ್ನು ಪತ್ತೆ ಮಾಡುವುದೇ ಚಿಕಿತ್ಸೆ.

ಮೊದಲು ಕ್ಯಾಮೆರಾವನ್ನೇ ಶಂಕಿಸಬೇಕು. ಐಎಸ್ಒ, ಶಟರ್, ಅಪರ್ಚರ್, ವೈಟ್ ಬ್ಯಾಲೆನ್ಸ್, ಫೋಕಸ್ ಎಲ್ಲವೂ ಮ್ಯಾನ್ಯುಯಲ್‌ನಲ್ಲಿರಬೇಕು. ಅಷ್ಟಾದರೂ ಮಿಣುಕು ಹೋಗದಿದ್ದರೆ ಅಪರ್ಚರ್ ಕಾರಣವಿರಬಹುದು. ಈಗಿನ ಲೆನ್ಸು ಪ್ರತಿ ಫೋಟೊಕ್ಕೂ ತನ್ನ ಎಲೆಗಳನ್ನು ಮುಚ್ಚಿ ತೆರೆಯುತ್ತದೆ. ಪ್ರತಿ ಸಲವೂ ಅಷ್ಟೇ ತೂತಿಗೆ ನಿಲ್ಲುವುದಿಲ್ಲ. ಮದುವೆ ಫೋಟೊದಲ್ಲಿ ಈ ವ್ಯತ್ಯಾಸ ಯಾರಿಗೂ ತಿಳಿಯದು, ಸಾಲಾಗಿ ಓಡಿಸಿದಾಗ ತಿಳಿಯುತ್ತದೆ. ಕೈಯಿಂದ ಅಪರ್ಚರ್ ತಿರುಗಿಸುವ ಹಳೆಯ ಲೆನ್ಸನ್ನು ಅಡಾಪ್ಟರ್ ಮೂಲಕ ಹಾಕುವುದು ಇದಕ್ಕೆ ಪರಿಹಾರ. ಡಿಜಿಟಲ್ ಎಸ್ಎಲ್ಆರ್‌ನಲ್ಲಿ ತೆಗೆದ ಮೊದಲ ಪೂರ್ಣಪ್ರಮಾಣದ ಸ್ಟಾಪ್ ಮೋಷನ್ ಚಿತ್ರ 'ಕಾರ್ಪ್ಸ್ ಬ್ರೈಡ್'ಗೆ (2005) ಕ್ಯಾನನ್ ಕ್ಯಾಮೆರಾಕ್ಕೆ ನಿಕಾನ್ ಲೆನ್ಸ್ ಹಾಕಿದ್ದರು.

ಆಮೇಲೆ ವಿದ್ಯುತ್ತು. ಟಂಗ್‌ಸ್ಟನ್ ಬಲ್ಬಿನ ಬೆಳಕು ವೋಲ್ಟೇಜಿನ ಅನುಪಾತದಲ್ಲಿ ಏರಿಳಿಯುವುದಿಲ್ಲ, ಅದಕ್ಕಿಂತ ಬಹಳ ಜೋರಾಗಿ ಏರಿಳಿಯುತ್ತದೆ. 230 ವೋಲ್ಟು 225ಕ್ಕೆ ಇಳಿದರೆ ಬೆಳಕು ಸುಮಾರು ಶೇಕಡ 7ರಷ್ಟು ಕುಗ್ಗುತ್ತದೆ, ಜೊತೆಗೆ ಕೆಂಪಗಾಗುತ್ತದೆ. ಸಂಜೆ ಊರಿನ ದೀಪ ಹೊತ್ತುವ ವೇಳೆ, ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುವ ವೇಳೆ ಇಷ್ಟು ವ್ಯತ್ಯಾಸ ಸಾಮಾನ್ಯ. ಮನೆಯ ಫ್ರಿಜ್ಜಿಗೆ ಹಾಕುವ ರಿಲೇ ಸ್ಟೆಬಿಲೈಜರ್ ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ, ಏಕೆಂದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಸರ್ವೊ ಸ್ಟೆಬಿಲೈಜರ್ ಮೇಲು. ಟಂಗ್‌ಸ್ಟನ್ ದೀಪದ ಕಾವಿಗೆ ಜೇಡಿಯೂ ಮೆತ್ತಗಾಗಿ ಅಜ್ಜಿಯ ಮುಖ ಮಿರುಗತೊಡಗುತ್ತದೆ. ಒಳ್ಳೆಯ ಡ್ರೈವರ್ ಇರುವ ಎಲ್ಇಡಿ ದೀಪ ಎರಡೂ ತೊಂದರೆ ತಪ್ಪಿಸುತ್ತದೆ, ಆದರೆ ಅದಕ್ಕೂ ತನ್ನದೇ ಗುಣವಿದೆ. ಹೊತ್ತಿಸಿದ ಮೇಲೆ ಬಿಸಿಯಾಗುತ್ತ ತುಸು ಮಂಕಾಗಿ, ಆಮೇಲೆ ಸ್ಥಿರವಾಗುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಉರಿಸಿ ಬಿಟ್ಟು ಕೆಲಸ ಶುರು ಮಾಡಬೇಕು. ಅಗ್ಗದ ಎಲ್ಇಡಿಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಶಟರ್ ವೇಗ ಅರ್ಧ ಸೆಕೆಂಡು ಇಟ್ಟರೆ 50 ಮಿಡಿತಗಳ ಸರಾಸರಿ ಸಿಕ್ಕಿ ಅದು ಅಳಿಸಿಹೋಗುತ್ತದೆ. ಬೊಂಬೆ ಅಲುಗದು, ಹಾಗಾಗಿ ದೀರ್ಘ ಶಟರಿನಿಂದ ನಷ್ಟವಿಲ್ಲ.

ಮೂರನೆಯ ಶಂಕಿತ ಅನಿಮೇಟರ್ ಸ್ವತಃ. ಬಿಳಿ ಅಂಗಿ ತೊಟ್ಟು ಸೆಟ್ಟಿನ ಪಕ್ಕ ನಿಂತರೆ ಅಂಗಿಯಿಂದ ಬೆಳಕು ಚಿಮ್ಮಿ ಬೊಂಬೆಯ ಕೆನ್ನೆ ಮೇಲೆ ಬೀಳುತ್ತದೆ. ಕಪ್ಪು ಬಟ್ಟೆ ತೊಟ್ಟು, ಪ್ರತಿ ಫ್ರೇಮಿಗೂ ನೆಲದ ಮೇಲೆ ಗುರುತು ಮಾಡಿದ ಒಂದೇ ಜಾಗದಲ್ಲಿ ನಿಂತು ಬಟನ್ ಒತ್ತಬೇಕು. ಕಿಟಕಿಗೆ ಕಪ್ಪು ಬಟ್ಟೆ ಎರಡು ಪದರವಾದರೂ ಬೇಕು. ಹಗಲಿನ ಸಣ್ಣ ಸೀಳು ಸಂಜೆಗೆ ಇರುವುದಿಲ್ಲ.

ಅಜ್ಜಿಯ ಶಾಟ್‌ನ ಮೊದಲ ರಾತ್ರಿ ಕೆಲಸ ನಿಲ್ಲಿಸುವಾಗ ಏನು ಮಾಡಬೇಕು? ದೀಪದ ಸ್ಟ್ಯಾಂಡುಗಳ ಕಾಲಿನ ಸುತ್ತ ನೆಲಕ್ಕೆ ಟೇಪು ಹಚ್ಚಿ, ಮರಳು ಚೀಲ ಇಡಬೇಕು. ಟ್ರೈಪಾಡಿನ ಪಾದಗಳನ್ನು ಹಾಟ್ ಗ್ಲೂನಿಂದ ನೆಲಕ್ಕೆ ಅಂಟಿಸಿರಬೇಕು. ಡಿಮ್ಮರಿನ ಅಂಕಿ ಬರೆದು, ಸೆಟ್ಟನ್ನು ನಾಲ್ಕೂ ಕಡೆಯಿಂದ ಫೋನಿನಲ್ಲಿ ಚಿತ್ರ ತೆಗೆದಿಡಬೇಕು. ಬೊಂಬೆಯ ಮೂಗಿನ ತುದಿಗೆ ತಾಗುವಂತೆ ಸರ್ಫೇಸ್ ಗೇಜಿನ ಮುಳ್ಳನ್ನು ನಿಲ್ಲಿಸಿ, ಗೇಜಿನ ಅಡಿಭಾಗದ ಗುರುತು ಹಾಕಿ ಅದನ್ನು ಆಚೆ ತೆಗೆಯಬೇಕು. ಫ್ರೇಮಿನ ಮೂಲೆಯಲ್ಲಿ ಒಂದು ಗ್ರೇ ಕಾರ್ಡ್ ಇಟ್ಟು ಕೊನೆಗೊಂದು ಪರೀಕ್ಷಾ ಫೋಟೊ ತೆಗೆದು, ಕೋಣೆಗೆ ಬೀಗ ಹಾಕಬೇಕು. ಕಸ ಗುಡಿಸಲು ಬರುವವರಿಗೂ ಮೊದಲೇ ಹೇಳಿರಬೇಕು.

ಬೆಳಿಗ್ಗೆ ದೀಪ ಕಾದ ಮೇಲೆ, ಬೊಂಬೆ ಮುಟ್ಟುವ ಮೊದಲು, ಅದೇ ಗ್ರೇ ಕಾರ್ಡಿನೊಂದಿಗೆ ಮತ್ತೊಂದು ಫೋಟೊ. ಡ್ರ್ಯಾಗನ್‌ಫ್ರೇಮ್‌ನಂಥ ಸಾಫ್ಟ್‌ವೇರಿನಲ್ಲಿ ನಿನ್ನೆಯದು ಇವತ್ತಿನದು ಅದಲುಬದಲು ಮಾಡುತ್ತ ನೋಡಬೇಕು. ಏನೂ ಅಲುಗದಂತೆ, ಹೊಳಪು ಬದಲಾಗದಂತೆ ಕಂಡರೆ ಮುಂದುವರಿಯಬಹುದು. ಇಡೀ ಚಿತ್ರ ಪಕ್ಕಕ್ಕೆ ಸರಿದರೆ ಕ್ಯಾಮೆರಾ ಕದಲಿದೆ. ಬೊಂಬೆ ಮಾತ್ರ ಸರಿದಿದ್ದರೆ ತಂತಿ ಇಳಿದಿದೆ. ಗೇಜನ್ನು ಗುರುತಿನ ಮೇಲೆ ಇಟ್ಟು ಮೂಗನ್ನು ಮುಳ್ಳಿಗೆ ತರಬೇಕು. ಮಳೆಗಾಲದಲ್ಲಿ ಪ್ಲೈವುಡ್ ತೇವ ಹೀರಿ ಉಬ್ಬಿ ಸೆಟ್ಟೇ ತುಸು ಎದ್ದಿರುವುದೂ ಉಂಟು. ಎಲ್ಲವೂ ಸಮಾನವಾಗಿ ಮಂಕಾಗಿದ್ದರೆ ವೋಲ್ಟೇಜ್ ಅಥವಾ ಡಿಮ್ಮರ್ ಕಾರಣ. ಒಂದು ಬದಿ ಮಾತ್ರ ಬದಲಾಗಿದ್ದರೆ ಒಂದು ದೀಪ ತಿರುಗಿದೆ. ಕೊಡದ ನೆರಳಿನ ಅಂಚು ನೋಡಿದರೆ ಯಾವುದೆಂದು ತಿಳಿಯುತ್ತದೆ.

ಮಿಣುಕು ತೆಗೆಯುವ ಸಾಫ್ಟ್‌ವೇರುಗಳ ಮಿತಿ ಇಲ್ಲೇ ಇರುವುದು. ಇಡೀ ಫ್ರೇಮಿನ ಹೊಳಪು ಶೇಕಡ ಕೆಲವಷ್ಟು ಏರುಪೇರಾಗಿದ್ದರೆ ಅವು ಚೆನ್ನಾಗಿ ಸರಿಪಡಿಸುತ್ತವೆ. ದೀಪ ತಿರುಗಿ ನೆರಳಿನ ಅಂಚು ಸರಿದಿದ್ದರೆ ಅವುಗಳಿಂದ ಪ್ರಯೋಜನವಿಲ್ಲ. ನೆರಳನ್ನು ನಿನ್ನೆಯ ಜಾಗಕ್ಕೆ ತರಲಾಗದಿದ್ದರೆ ಆ ಶಾಟ್ ಅನ್ನು ಮೊದಲ ಭಂಗಿಯಿಂದಲೇ ಮತ್ತೆ ತೆಗೆಯಬೇಕಾಗುತ್ತದೆ.